ಕ್ರೈಪಾಕ್ ತೀರ್ಪಿನ ಲ್ಯಾಟಿನ್: ಒಂದು ಪ್ರಕರಣ, ಅದರ ಪದಗಳು, ಅವುಗಳ ಕೆಲಸ

ಆಯ್ಕೆ ಸಮಿತಿಯಲ್ಲಿ ಅಭ್ಯರ್ಥಿಯ ಕಡೆಯವರೇ ಕೂತಿದ್ದರು ಎಂಬ ದೂರಿರುವ ರಿಟ್ ಅರ್ಜಿಗಳಲ್ಲಿ ಒಂದು ಹಳೆಯ ತೀರ್ಪಿನ ಹೆಸರು ತಪ್ಪದೆ ಕಾಣುತ್ತದೆ: ಎ.ಕೆ. ಕ್ರೈಪಾಕ್ ಮತ್ತು ಇತರರು ವಿರುದ್ಧ ಭಾರತ ಒಕ್ಕೂಟ. ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 1969ರ ಏಪ್ರಿಲ್ 29ರಂದು ಕೊಟ್ಟ ತೀರ್ಪು ಇದು. ಪೀಠದ ಪರವಾಗಿ ಬರೆದವರು ಕಾರ್ಕಳ ತಾಲ್ಲೂಕಿನ ಕೌಡೂರಿನವರಾದ ನ್ಯಾಯಮೂರ್ತಿ ಕೆ.ಎಸ್. ಹೆಗ್ಡೆ. ಕಾನೂನು ಓದದವರು ಇದನ್ನು ಕೈಗೆತ್ತಿಕೊಂಡರೆ ಒಂದೆರಡು ಪುಟದಲ್ಲೇ ಲ್ಯಾಟಿನ್ ಎದುರಾಗುತ್ತದೆ. ಇಲ್ಲಿನ ಲ್ಯಾಟಿನ್ ಪದಗಳೇನೂ ಹೆಚ್ಚಿಲ್ಲ, ಆದರೆ ಒಂದೊಂದಕ್ಕೂ ತೀರ್ಪಿನಲ್ಲಿ ನಿರ್ದಿಷ್ಟ ಕೆಲಸವಿದೆ. ನಿಘಂಟಿನ ಅರ್ಥ ಗೊತ್ತಾದರೆ ಸಾಲದು. ಆ ಪದವನ್ನು ಕೋರ್ಟು ಯಾವುದಕ್ಕೆ ಬಳಸಿತು, ಯಾವುದಕ್ಕೆ ಬಳಸಲಿಲ್ಲ ಎಂಬುದೂ ತಿಳಿಯಬೇಕು.

ಮೊದಲು ಶೀರ್ಷಿಕೆ. ‘ವಿರುದ್ಧ’ ಎಂದು ನಾವು ಬರೆಯುವ ಜಾಗದಲ್ಲಿ ಮೂಲದಲ್ಲಿರುವುದು ‘ವರ್ಸಸ್’, ಅದೂ ಲ್ಯಾಟಿನ್ನೇ. ತೀರ್ಪಿನ ವಿಳಾಸ ಎಐಆರ್ 1970 ಎಸ್‌ಸಿ 150. ಇದನ್ನು ನೋಡಿದವರು ತೀರ್ಪು ಬಂದದ್ದು 1970ರಲ್ಲಿ ಎಂದು ಬರೆದುಬಿಡುವುದುಂಟು. ಆ ಇಸವಿ ತೀರ್ಪನ್ನು ಅಚ್ಚು ಹಾಕಿದ ಸಂಪುಟದ್ದು. 150 ಎಂಬುದು ಪುಟದ ಸಂಖ್ಯೆ. ಇದೇ ತೀರ್ಪು ಇನ್ನೊಂದು ವರದಿ ಮಾಲಿಕೆಯಲ್ಲಿ (1969) 2 ಎಸ್‌ಸಿಸಿ 262 ಎಂದು ಸಿಗುತ್ತದೆ. ತೀರ್ಪಿನ ದಿನಾಂಕ ಬೇಕೆಂದರೆ ಒಳಗಿನ ಮೊದಲ ಪುಟವನ್ನೇ ನೋಡಬೇಕು.

ನಡೆದದ್ದು ಏನು

1966ರಲ್ಲಿ ಭಾರತೀಯ ಅರಣ್ಯ ಸೇವೆ ಹುಟ್ಟಿಕೊಂಡಿತು. ಆಗಲೇ ರಾಜ್ಯಗಳ ಅರಣ್ಯ ಇಲಾಖೆಯಲ್ಲಿದ್ದ ಅಧಿಕಾರಿಗಳಲ್ಲಿ ಅರ್ಹರನ್ನು ಹೊಸ ಸೇವೆಗೆ ತೆಗೆದುಕೊಳ್ಳಲು ‘ಆರಂಭಿಕ ನೇಮಕಾತಿ’ ಎಂಬ ಒಂದು ಬಾರಿಯ ವ್ಯವಸ್ಥೆ ಮಾಡಲಾಯಿತು. ಪ್ರತಿ ರಾಜ್ಯಕ್ಕೂ ಒಂದು ವಿಶೇಷ ಆಯ್ಕೆ ಮಂಡಳಿ. ಕೇಂದ್ರ ಲೋಕಸೇವಾ ಆಯೋಗದ ಅಧ್ಯಕ್ಷರು ಅಥವಾ ಒಬ್ಬ ಸದಸ್ಯರು ಅದರ ಮುಖ್ಯಸ್ಥರು. ಕೇಂದ್ರದ ಹಿರಿಯ ಅಧಿಕಾರಿಗಳು, ರಾಜ್ಯದ ಮುಖ್ಯ ಕಾರ್ಯದರ್ಶಿ ಮತ್ತು ಆ ರಾಜ್ಯದ ಮುಖ್ಯ ಅರಣ್ಯ ಸಂರಕ್ಷಣಾಧಿಕಾರಿ ಸದಸ್ಯರು. ಮಂಡಳಿಯವರು ಅರ್ಹರ ಪಟ್ಟಿಯನ್ನು ಆದ್ಯತೆಯ ಕ್ರಮದಲ್ಲಿ ಮಾಡಿ ಆಯೋಗಕ್ಕೆ ಕಳಿಸಬೇಕು, ಆಯೋಗ ಶಿಫಾರಸು ಮಾಡಬೇಕು, ಆಮೇಲೆ ಕೇಂದ್ರ ಸರ್ಕಾರದ ಅಧಿಸೂಚನೆ.

ಜಮ್ಮು ಮತ್ತು ಕಾಶ್ಮೀರದಲ್ಲಿ ತೊಡಕಾಯಿತು. ಅಲ್ಲಿನ ಹಂಗಾಮಿ ಮುಖ್ಯ ಅರಣ್ಯ ಸಂರಕ್ಷಣಾಧಿಕಾರಿ ನಿಯಮದ ಪ್ರಕಾರ ಮಂಡಳಿಯ ಸದಸ್ಯರು. ಹೊಸ ಸೇವೆಗೆ ಅವರೂ ಅಭ್ಯರ್ಥಿ. ಮಂಡಳಿ ತಯಾರಿಸಿದ ಪಟ್ಟಿಯಲ್ಲಿ ಮೊದಲ ಹೆಸರು ಅವರದ್ದೇ. ಅವರನ್ನು ಆ ಹಂಗಾಮಿ ಹುದ್ದೆಗೆ ತರುವಾಗ ಹಿಂದೆ ಬಿದ್ದಿದ್ದ ಒಬ್ಬ ಅಧಿಕಾರಿ ಅದನ್ನು ಪ್ರಶ್ನಿಸಿ ರಾಜ್ಯ ಸರ್ಕಾರಕ್ಕೆ ಸಲ್ಲಿಸಿದ್ದ ಮೇಲ್ಮನವಿ ಇನ್ನೂ ಬಾಕಿಯಿತ್ತು. ಆ ಅಧಿಕಾರಿಯ ಹೆಸರು ಆಯ್ಕೆ ಪಟ್ಟಿಯಲ್ಲಿ ಇರಲಿಲ್ಲ. 1967ರ ಜುಲೈನಲ್ಲಿ ಅಧಿಸೂಚನೆ ಹೊರಬಿದ್ದಾಗ ಅಸಮಾಧಾನಗೊಂಡ ಅಧಿಕಾರಿಗಳು ಸಂವಿಧಾನದ 32ನೇ ವಿಧಿಯಡಿ ನೇರವಾಗಿ ಸುಪ್ರೀಂ ಕೋರ್ಟಿಗೆ ಹೋದರು.

ಮಂಡಳಿಯ ಕಡೆಯವರು ಕೊಟ್ಟ ಉತ್ತರ ಮೇಲ್ನೋಟಕ್ಕೆ ಸರಿಯೆನಿಸುವಂಥದ್ದು. ತಮ್ಮ ಹೆಸರು ಚರ್ಚೆಗೆ ಬಂದಾಗ ಆ ಅಧಿಕಾರಿ ಸಭೆಯಲ್ಲಿ ಕೂರಲಿಲ್ಲ. ಉಳಿದ ಸದಸ್ಯರ ಮೇಲೆ ಅವರು ಯಾವ ಪ್ರಭಾವವನ್ನೂ ಬೀರಲಿಲ್ಲ ಎಂದು ಆ ಸದಸ್ಯರೇ ಅಫಿಡವಿಟ್ ಸಲ್ಲಿಸಿದರು. ಇನ್ನು ಆಯ್ಕೆ ಮಾಡುವುದು ಆಡಳಿತದ ಕೆಲಸ, ಅದರಲ್ಲಿ ಕೋರ್ಟು ಕೈಹಾಕುವಂತಿಲ್ಲ ಎಂಬುದು ಸರ್ಕಾರದ ವಾದ.

ನೆಮೊ ಡೆಬೆಟ್ ಎಸ್ಸೆ ಜೂಡೆಕ್ಸ್

ತೀರ್ಪಿನ ಬೆನ್ನೆಲುಬು ಈ ಸೂತ್ರ. ಪೂರ್ತಿ ರೂಪ ‘ನೆಮೊ ಡೆಬೆಟ್ ಎಸ್ಸೆ ಜೂಡೆಕ್ಸ್ ಇನ್ ಪ್ರೊಪ್ರಿಯ ಕಾಸಾ’. ನೆಮೊ ಎಂದರೆ ಯಾರೂ ಅಲ್ಲ, ಡೆಬೆಟ್ ಎಸ್ಸೆ ಎಂದರೆ ಆಗಿರತಕ್ಕದ್ದು, ಜೂಡೆಕ್ಸ್ ನ್ಯಾಯಾಧೀಶ, ಪ್ರೊಪ್ರಿಯ ಕಾಸಾ ಸ್ವಂತ ವ್ಯಾಜ್ಯ. ತನ್ನ ವ್ಯಾಜ್ಯಕ್ಕೆ ತಾನೇ ನ್ಯಾಯಾಧೀಶನಾಗಬಾರದು. ಬೇರೆ ತೀರ್ಪುಗಳಲ್ಲಿ ‘ನೆಮೊ ಜೂಡೆಕ್ಸ್ ಇನ್ ಕಾಸಾ ಸುವಾ’ ಎಂದು ಕಂಡರೆ ಅದು ಬೇರೆ ತತ್ವವಲ್ಲ, ಇದರದೇ ಚಿಕ್ಕ ರೂಪ.

‘ಜೂಡೆಕ್ಸ್’ ಎಂದ ಮಾತ್ರಕ್ಕೆ ಕರಿಕೋಟಿನ ನ್ಯಾಯಾಧೀಶರಿಗಷ್ಟೇ ಇದು ಅನ್ವಯ ಎಂದು ತಿಳಿಯಬೇಕಾಗಿಲ್ಲ. ಒಬ್ಬರ ಹಕ್ಕು, ಹುದ್ದೆ, ಅವಕಾಶದ ಮೇಲೆ ತೀರ್ಮಾನ ಕೊಡುವ ಯಾರಿಗಾದರೂ ಇದು ಸಲ್ಲುತ್ತದೆ. ‘ಸ್ವಂತ ವ್ಯಾಜ್ಯ’ ಎಂಬುದೂ ಹಾಗೆಯೇ ಅಗಲವಾದ ಮಾತು. ತೀರ್ಮಾನಿಸುವವರಿಗೆ ಅದರಲ್ಲಿ ಹಣದ ಲಾಭವಿದ್ದರೆ ಅದು ಎಷ್ಟೇ ಚಿಕ್ಕದಿದ್ದರೂ ಅವರು ಅನರ್ಹರು. ಇಂಗ್ಲೆಂಡಿನಲ್ಲಿ 1852ರಲ್ಲೇ, ಕಾಲುವೆ ಕಂಪನಿಯೊಂದರಲ್ಲಿ ಷೇರು ಹೊಂದಿದ್ದ ಲಾರ್ಡ್ ಚಾನ್ಸಲರ್ ಆ ಕಂಪನಿಯ ಪರ ಕೊಟ್ಟ ಆದೇಶವನ್ನು ಹೌಸ್ ಆಫ್ ಲಾರ್ಡ್ಸ್ ಇದೇ ಕಾರಣಕ್ಕೆ ತಳ್ಳಿಹಾಕಿತ್ತು. ಹಣದ ಸಂಬಂಧ ಇಲ್ಲದಿದ್ದಾಗ, ಅಂದರೆ ನಂಟಸ್ತಿಕೆ, ಹಗೆತನ, ಪೈಪೋಟಿಯ ಮಾತು ಬಂದಾಗ, ಇನ್ನೊಂದು ಅಳತೆಗೋಲು ಬೇಕಾಗುತ್ತದೆ. ಅದನ್ನು ಮುಂದೆ ನೋಡೋಣ.

ಇಲ್ಲಿ ಸಭೆಯಿಂದ ಎದ್ದುಹೋದದ್ದು ಏಕೆ ಸಾಲಲಿಲ್ಲ? ಕೋರ್ಟು ಆಯ್ಕೆಯನ್ನು ಹಂತ ಹಂತವಾಗಿ ಬಿಡಿಸಿ ನೋಡಿತು. ಸ್ವಂತ ಹೆಸರಿನ ಚರ್ಚೆಗೆ ಅವರು ಇರಲಿಲ್ಲ, ನಿಜ. ಆದರೆ ಪೈಪೋಟಿಯಲ್ಲಿದ್ದವರ, ಅದರಲ್ಲೂ ಮೇಲ್ಮನವಿ ಹಾಕಿದ್ದ ಅಧಿಕಾರಿಯ ಹೆಸರು ಬಂದಾಗ ಇದ್ದರು. ಕೊನೆಗೆ ಯಾರು ಮೊದಲು, ಯಾರು ಆಮೇಲೆ ಎಂದು ಕ್ರಮ ಕಟ್ಟುವಾಗಲೂ ಇದ್ದರು. ಆದ್ಯತಾ ಪಟ್ಟಿಯಲ್ಲಿ ಒಬ್ಬರನ್ನು ಕೆಳಗಿಳಿಸಿದರೆ ಇನ್ನೊಬ್ಬರು ತಾನಾಗಿ ಮೇಲೇರುತ್ತಾರೆ. ಹಾಗಾಗಿ ಎದುರಾಳಿಯ ಹೆಸರಿನ ಚರ್ಚೆಯೂ ಅವರದೇ ವ್ಯಾಜ್ಯ. ಪ್ರತಿ ಹಂತದಲ್ಲೂ ಅವರ ಹಿತಾಸಕ್ತಿಗೂ ಕರ್ತವ್ಯಕ್ಕೂ ತಿಕ್ಕಾಟವಿತ್ತು ಎಂದು ಕೋರ್ಟು ಹೇಳಿತು. ನಡಾವಳಿ ಪುಸ್ತಕ ಓದುವವರು ಹುಡುಕಬೇಕಾದ್ದು ಇದನ್ನೇ. ‘ಸದಸ್ಯರು ಈ ವಿಷಯದಲ್ಲಿ ಭಾಗವಹಿಸಲಿಲ್ಲ’ ಎಂಬ ಒಂದು ಸಾಲು ಕಂಡರೆ ಅಲ್ಲಿಗೆ ನಿಲ್ಲಬಾರದು; ಯಾವ ವಿಷಯದಲ್ಲಿ ಎದ್ದುಹೋದರು, ಯಾವುದಕ್ಕೆ ವಾಪಸ್ ಬಂದು ಕೂತರು, ಅಂತಿಮ ಪಟ್ಟಿಗೆ ಸಹಿ ಹಾಕಿದರೇ ಎಂಬುದನ್ನು ನೋಡಬೇಕು.

ಬಯಾಸ್ ಮತ್ತು ಸಂಭವನೀಯತೆ

ಈ ತೀರ್ಪಿನ ‘ಬಯಾಸ್’ ಪದಕ್ಕೆ ಕನ್ನಡದಲ್ಲಿ ಪಕ್ಷಪಾತ, ಪೂರ್ವಗ್ರಹ ಎರಡನ್ನೂ ಬಳಸುತ್ತಾರೆ. ಆ ಅಧಿಕಾರಿ ನಿಜಕ್ಕೂ ಪಕ್ಷಪಾತ ಮಾಡಿದರೇ ಎಂಬುದು ತನ್ನ ಮುಂದಿರುವ ಪ್ರಶ್ನೆಯಲ್ಲ ಎಂದು ಕೋರ್ಟು ಸ್ಪಷ್ಟವಾಗಿ ಹೇಳಿತು. ಒಬ್ಬರ ಮನಸ್ಸಿನಲ್ಲಿ ಏನಿತ್ತು ಎಂದು ಸಾಬೀತು ಮಾಡುವುದು ಕಷ್ಟ. ಆದ್ದರಿಂದ ಅವರು ಪಕ್ಷಪಾತಿಯಾಗಿರುವ ಸಂಭವವಿತ್ತು ಎಂದು ನಂಬಲು ಸಕಾರಣವಿದೆಯೇ ಎಂದು ನೋಡಿದರೆ ಸಾಕು. ಬರೀ ಅನುಮಾನ ಸಾಲದು. ಮನುಷ್ಯರು ಸಾಮಾನ್ಯವಾಗಿ ನಡೆದುಕೊಳ್ಳುವ ರೀತಿಯನ್ನು ಲೆಕ್ಕಕ್ಕೆ ತೆಗೆದುಕೊಂಡು ಆ ಸಂಭವವನ್ನು ತೂಗಬೇಕು.

ಅರ್ಜಿದಾರರಿಗೆ ಇದರಿಂದ ಅನುಕೂಲವೂ ಇದೆ, ಕಟ್ಟುಪಾಡೂ ಇದೆ. ‘ಇಂಥವರು ಹಟದಿಂದ ನನ್ನ ಹೆಸರು ಹೊಡೆದುಹಾಕಿಸಿದರು’ ಎಂದು ರುಜುವಾತು ಮಾಡಬೇಕಾಗಿಲ್ಲ. ಆದರೆ ಸಂಭವವನ್ನು ತೋರಿಸುವ ಗಟ್ಟಿ ಸಂಗತಿ ಬೇಕು: ಅದೇ ಹುದ್ದೆಗೆ ಪೈಪೋಟಿ, ಬಾಕಿಯಿರುವ ಮೇಲ್ಮನವಿ, ಹತ್ತಿರದ ನಂಟು. ಒಂದೇ ಊರಿನವರು, ಒಂದೇ ಕಾಲೇಜಿನಲ್ಲಿ ಓದಿದವರು ಎಂಬಷ್ಟರಿಂದ ಕೆಲಸವಾಗದು. ಇದಕ್ಕೆ ಸೇರಿದ ಇನ್ನೊಂದು ಪದವನ್ನೂ ಬೇರ್ಪಡಿಸಿಕೊಳ್ಳಬೇಕು. ‘ಮಾಲಾ ಫೈಡೆ’ ಎಂದರೆ ದುರುದ್ದೇಶ. ಅದನ್ನು ಆರೋಪಿಸಿದವರು ಅದನ್ನು ಸಾಬೀತು ಮಾಡಲೇಬೇಕು, ಯಾರ ಮೇಲೆ ಆರೋಪವೋ ಅವರನ್ನು ಹೆಸರು ಹಿಡಿದು ಪ್ರತಿವಾದಿ ಮಾಡಬೇಕು. ಕ್ರೈಪಾಕ್ ಸಂಗತಿಗಳಂಥ ಸಂಗತಿ ಕೈಯಲ್ಲಿದ್ದೂ ಸಿಟ್ಟಿನಲ್ಲಿ ‘ಮಾಲಾ ಫೈಡೆ’ ಎಂದು ಬರೆಸಿದವರು ಬೇಡದ ಭಾರವನ್ನು ತಾವೇ ಹೊತ್ತುಕೊಂಡಂತೆ.

ಅಫಿಡವಿಟ್‌ಗಳ ವಿಷಯದಲ್ಲಿ ಕೋರ್ಟು ಹೇಳಿದ ಮಾತು ಈ ತೀರ್ಪಿನಲ್ಲೇ ಸೂಕ್ಷ್ಮವಾದದ್ದು. ಉಳಿದ ಸದಸ್ಯರು ಸುಳ್ಳು ಹೇಳಿದರು ಎಂದು ಅದು ಹೇಳಲಿಲ್ಲ. ನಾಲ್ಕು ಜನ ಕೂತು ತೀರ್ಮಾನಿಸುವಾಗ ಒಬ್ಬರ ಅಭಿಪ್ರಾಯ ಇನ್ನೊಬ್ಬರ ಮೇಲೆ ಪರಿಣಾಮ ಬೀರದೆ ಇರದು, ಆ ವಿಷಯದ ವಿಶೇಷ ತಿಳಿವಳಿಕೆ ಇರುವವರದ್ದಾದರೆ ಇನ್ನೂ ಹೆಚ್ಚು, ಆ ಪರಿಣಾಮ ಉಳಿದವರ ಅರಿವಿಗೇ ಬರದಿರಬಹುದು ಎಂದಿತು. ಅಧಿಕಾರಿಗಳ ಸಾಮರ್ಥ್ಯ, ದೌರ್ಬಲ್ಯ ಎರಡನ್ನೂ ಬಲ್ಲವರು ಮುಖ್ಯ ಸಂರಕ್ಷಣಾಧಿಕಾರಿಯೇ. ಅವರನ್ನು ಮಂಡಳಿಯಲ್ಲಿ ಕೂರಿಸುವುದು ಆ ತಿಳಿವಳಿಕೆಗಾಗಿ. ಇಲ್ಲಿ ಅಪಾಯ ತಂದದ್ದೂ ಅದೇ ತಿಳಿವಳಿಕೆ.

ಆಡಿ ಆಲ್ಟರಮ್ ಪಾರ್ಟೆಮ್

ಆಡಿ ಎಂದರೆ ಕೇಳು, ಆಲ್ಟರಮ್ ಇನ್ನೊಂದು, ಪಾರ್ಟೆಮ್ ಪಕ್ಷವನ್ನು. ಒಬ್ಬರಿಗೆ ವಿರುದ್ಧವಾಗಿ ತೀರ್ಮಾನಿಸುವ ಮುಂಚೆ ಅವರ ಮಾತನ್ನೂ ಕೇಳು ಎಂಬ ನಿಯಮ. ಸಹಜ ನ್ಯಾಯದ ಎರಡು ಹಳೆಯ ನಿಯಮಗಳಲ್ಲಿ ನೆಮೊ ಮೊದಲನೆಯದು, ಇದು ಎರಡನೆಯದು ಎಂದು ತೀರ್ಪು ಪಟ್ಟಿ ಮಾಡುತ್ತದೆ. ಅರೆ-ನ್ಯಾಯಿಕ ವಿಚಾರಣೆ, ಅಂದರೆ ಕೋರ್ಟಲ್ಲದ ಸಂಸ್ಥೆ ಕೋರ್ಟಿನ ಹಾಗೆ ನಡೆಸುವ ವಿಚಾರಣೆ, ಸದ್ಭಾವನೆಯಿಂದ, ಮನಬಂದಂತೆ ಅಲ್ಲದೆ ನಡೆಯಬೇಕೆಂಬ ಮೂರನೆಯ ನಿಯಮವೂ ಮುಂದೆ ಸೇರಿಕೊಂಡಿತು ಎನ್ನುತ್ತದೆ.

ಎಷ್ಟೋ ಜನ ತಪ್ಪುವುದು ಇಲ್ಲಿಯೇ. ಈ ಸೂತ್ರ ತೀರ್ಪಿನಲ್ಲಿ ಇದೆ ಎಂದು, ‘ನನ್ನನ್ನು ಕೇಳದೆ ಆದೇಶ ಮಾಡಿದರು’ ಎಂಬ ಪ್ರಕರಣಕ್ಕೂ ಕ್ರೈಪಾಕ್ ತಂದು ಇಡುತ್ತಾರೆ. ಆದರೆ ಈ ಪ್ರಕರಣ ತೀರ್ಮಾನವಾದದ್ದು ನೆಮೊ ಸೂತ್ರದ ಮೇಲೆ. ಕೇಳಲಿಲ್ಲ ಎಂಬ ಕಾರಣಕ್ಕೆ ಇಲ್ಲಿ ಯಾವುದೂ ರದ್ದಾಗಲಿಲ್ಲ. ಒಂದು ತೀರ್ಪಿನಲ್ಲಿ ಫಲಿತಾಂಶಕ್ಕೆ ಆಧಾರವಾದ ತರ್ಕವನ್ನು ವಕೀಲರು ‘ರೇಶಿಯೊ ಡೆಸಿಡೆಂಡಿ’ ಎನ್ನುತ್ತಾರೆ. ಕೆಳಗಿನ ಕೋರ್ಟುಗಳನ್ನು ಕಟ್ಟಿಹಾಕುವುದು ಅದು. ಅದಕ್ಕೆ ಬೇಕಿಲ್ಲದೆ ಹೇಳಿದ ಮಾತು ‘ಒಬಿಟರ್ ಡಿಕ್ಟಾ’. ಅದಕ್ಕೆ ಗೌರವವಿದೆ, ಅಷ್ಟೇ ಬಲವಿಲ್ಲ. ಕೇಳುವ ಹಕ್ಕಿನ ಬಗ್ಗೆ ಆಧಾರ ಬೇಕಾದವರು ಪಾಸ್‌ಪೋರ್ಟ್ ವಶಪಡಿಸಿಕೊಂಡ ಬಗ್ಗೆ 1978ರಲ್ಲಿ ಬಂದ ಮೇನಕಾ ಗಾಂಧಿ ತೀರ್ಪಿಗೆ ಹೋಗಬೇಕು. ಅದು ಕ್ರೈಪಾಕ್ ಹಾಕಿದ ದಾರಿಯಲ್ಲೇ ಮುಂದುವರಿದದ್ದು.

ಹಾಗೆಂದು ಆಡಿ ಆಲ್ಟರಮ್ ಈ ಪ್ರಕರಣದಲ್ಲಿ ಸುಮ್ಮನೆ ಕೂತಿರಲಿಲ್ಲ. ಪ್ರತಿವಾದಿಗಳ ಪಟ್ಟಿ ನೋಡಿ: ಸರ್ಕಾರಗಳ ಜೊತೆಗೆ ಆಯ್ಕೆಯಾದ ಅಧಿಕಾರಿಗಳನ್ನೂ ಅರ್ಜಿದಾರರು ಸೇರಿಸಿದ್ದಾರೆ. ಅವರ ಆಯ್ಕೆಯನ್ನು ರದ್ದು ಮಾಡಿ ಎಂದು ಕೇಳುವಾಗ ಅವರಿಗೂ ಮಾತಾಡಲು ಅವಕಾಶ ಇರಬೇಕಲ್ಲ. ಆಯ್ಕೆ ಪಟ್ಟಿಯನ್ನು ಪ್ರಶ್ನಿಸಿಯೂ ಆಯ್ಕೆಯಾದವರನ್ನು ಕಕ್ಷಿದಾರರನ್ನಾಗಿ ಮಾಡದೆ ಬಂದ ಅರ್ಜಿಗಳು ಒಳಗಿನ ವಿಷಯಕ್ಕೆ ಹೋಗುವ ಮುಂಚೆಯೇ ಬಿದ್ದುಹೋಗುವುದುಂಟು.

ಕ್ವಾಸಿ ಎಂಬ ಗೆರೆ

‘ಕ್ವಾಸಿ’ ಎಂದರೆ ಅದಲ್ಲ, ಆದರೆ ಅದರಂತೆ. ಕ್ವಾಸಿ-ಜುಡಿಶಿಯಲ್ ಎಂಬುದು ನಮ್ಮಲ್ಲಿ ಅರೆ-ನ್ಯಾಯಿಕ. ಕೋರ್ಟಲ್ಲದ ಸಂಸ್ಥೆಯೊಂದು ಕೋರ್ಟಿನ ಹಾಗೆ ಎರಡೂ ಕಡೆ ಕೇಳಿ, ಸಾಕ್ಷ್ಯ ನೋಡಿ, ಹಕ್ಕುಗಳ ಬಗ್ಗೆ ತೀರ್ಮಾನಿಸುವ ಅಧಿಕಾರ ಅದು. ಅದುವರೆಗಿನ ತಿಳಿವಳಿಕೆಯಲ್ಲಿ ಸಹಜ ನ್ಯಾಯದ ನಿಯಮಗಳು ಅರೆ-ನ್ಯಾಯಿಕ ಕೆಲಸಕ್ಕೆ ಮಾತ್ರ ಕಟ್ಟು. ಬರೀ ಆಡಳಿತದ ಕೆಲಸಕ್ಕೆ ಅವು ಬೇಕಿಲ್ಲ ಎಂಬುದೇ ಸರ್ಕಾರದ ವಾದದ ತಿರುಳು.

ನ್ಯಾಯಮೂರ್ತಿ ಹೆಗ್ಡೆಯವರು ಆ ಗೆರೆ ಬಹಳ ತೆಳುವಾಗಿದೆ, ದಿನೇ ದಿನೇ ಅಳಿಸಿಹೋಗುತ್ತಿದೆ ಎಂದರು. ಎರಡೂ ಬಗೆಯ ವಿಚಾರಣೆಯ ಗುರಿ ನ್ಯಾಯಯುತ ತೀರ್ಮಾನವೇ ಆದ ಮೇಲೆ ಒಂದಕ್ಕೆ ಸಲ್ಲುವ ನಿಯಮ ಇನ್ನೊಂದಕ್ಕೆ ಏಕೆ ಸಲ್ಲಬಾರದು? ಆಡಳಿತದ ವಿಚಾರಣೆಯಲ್ಲಿ ಆದ ಅನ್ಯಾಯದ ಪರಿಣಾಮ ಅರೆ-ನ್ಯಾಯಿಕ ತೀರ್ಮಾನಕ್ಕಿಂತ ದೊಡ್ಡದೇ ಆಗಿರಬಹುದು. ಹೀಗೆ ಮಂಡಳಿಯ ಕೆಲಸ ಆಡಳಿತದ್ದು ಎಂದು ಇಟ್ಟುಕೊಂಡೇ ಅದಕ್ಕೆ ನೆಮೊ ಸೂತ್ರವನ್ನು ಅನ್ವಯಿಸಿದರು. ತೀರ್ಪು ಹೆಸರಾದದ್ದು ಈ ಹೆಜ್ಜೆಯಿಂದ.

ಇದಕ್ಕೊಂದು ಮಿತಿಯನ್ನೂ ಅದೇ ತೀರ್ಪು ಹಾಕಿತು. ಕ್ರಮಬದ್ಧವಾಗಿ ಆದ ಕಾನೂನು ಇಲ್ಲದ ಕಡೆ ಮಾತ್ರ ಸಹಜ ನ್ಯಾಯದ ನಿಯಮ ಕೆಲಸ ಮಾಡುತ್ತದೆ. ಅದು ಕಾನೂನಿಗೆ ಪೂರಕವೇ ಹೊರತು ಕಾನೂನಿನ ಜಾಗದಲ್ಲಿ ಕೂರುವಂಥದ್ದಲ್ಲ. ಕಾಯಿದೆಯೇ ಸ್ಪಷ್ಟವಾಗಿ ‘ಇಲ್ಲಿ ನೋಟಿಸ್ ಬೇಕಿಲ್ಲ’ ಎಂದಿದ್ದರೆ ಲ್ಯಾಟಿನ್ ಸೂತ್ರ ಹಿಡಿದು ಅದನ್ನು ದಾಟಲಾಗದು. ಆಗ ಆ ಕಾಯಿದೆಯ ಸಿಂಧುತ್ವವನ್ನೇ ಪ್ರಶ್ನಿಸಬೇಕು.

ಸರ್ಶಿಯೊರರಿ, ಎಕ್ಸ್ ಪಾರ್ಟೆ, ಇನ್ ರೆ

ಆಧಾರವಾಗಿ ತೀರ್ಪು ಕೆಲವು ಇಂಗ್ಲಿಷ್ ಪ್ರಕರಣಗಳನ್ನು ಉಲ್ಲೇಖಿಸುತ್ತದೆ. ಅಪರಾಧದಲ್ಲಿ ಗಾಯಗೊಂಡವರ ಪರಿಹಾರ ಮಂಡಳಿಯ ಕುರಿತ 1967ರ ಪ್ರಕರಣದ ಹೆಸರಿನಲ್ಲಿ ‘ಎಕ್ಸ್ ಪಾರ್ಟೆ ಲೇನ್’ ಎಂದಿದೆ. ನಮ್ಮ ಕೋರ್ಟುಗಳಲ್ಲಿ ‘ಎಕ್ಸ್ ಪಾರ್ಟಿ ಆರ್ಡರ್’ ಎಂದರೆ ಎದುರು ಪಕ್ಷ ಇಲ್ಲದೆ ಆದ ಆದೇಶ. ಈ ಹೆಸರಿನಲ್ಲಿ ಅರ್ಥ ಅದಲ್ಲ. ‘ಲೇನ್ ಎಂಬವರ ಅರ್ಜಿಯ ಮೇರೆಗೆ’ ಎಂದಷ್ಟೇ. ಇಂಗ್ಲೆಂಡಿನಲ್ಲಿ ಇಂಥ ಅರ್ಜಿಗಳು ದೊರೆಯ ಹೆಸರಿನಲ್ಲಿ ದಾಖಲಾಗುತ್ತಿದ್ದುದರಿಂದ ನಿಜವಾದ ಅರ್ಜಿದಾರರು ಯಾರೆಂದು ಹೀಗೆ ಸೂಚಿಸುತ್ತಿದ್ದರು. ಇದನ್ನು ಗೊತ್ತಿಲ್ಲದೆ ಓದಿದವರಿಗೆ ಆ ಮಂಡಳಿ ಕೋರ್ಟಿಗೇ ಬರಲಿಲ್ಲವೇನೋ ಅನಿಸೀತು. ‘ಇನ್ ರೆ ಎಚ್.ಕೆ.’ ಎಂಬ ಇನ್ನೊಂದು ಹೆಸರಿನಲ್ಲಿ ‘ಇನ್ ರೆ’ ಎಂದರೆ ‘ಇಂಥವರ ವಿಷಯದಲ್ಲಿ’. ಎಚ್.ಕೆ. ಅಪ್ರಾಪ್ತನೆಂದು ಹೇಳಲಾದ ವಲಸೆ ಬಂದ ಹುಡುಗ. ವಲಸೆ ಅಧಿಕಾರಿ ನ್ಯಾಯಾಧೀಶರಲ್ಲದಿದ್ದರೂ ನ್ಯಾಯವಾಗಿ ನಡೆದುಕೊಳ್ಳಬೇಕು ಎಂದು ಅಲ್ಲಿ ಹೇಳಿದ್ದು ಹೆಗ್ಡೆಯವರಿಗೆ ಬೇಕಿತ್ತು.

ಲೇನ್ ಪ್ರಕರಣದಿಂದ ಎತ್ತಿಕೊಂಡ ಮಾತು ‘ಸರ್ಶಿಯೊರರಿ’ಯ ಬಗ್ಗೆ. ಕನ್ನಡದ ಕಾನೂನು ಪುಸ್ತಕಗಳಲ್ಲಿ ಇದು ಉತ್ಪ್ರೇಷಣ ರಿಟ್. ಕೆಳಗಿನ ಸಂಸ್ಥೆಯ ದಾಖಲೆ ತರಿಸಿಕೊಂಡು, ತಪ್ಪಿದ್ದರೆ ತೀರ್ಮಾನವನ್ನು ಹೊಡೆದುಹಾಕುವ ಆದೇಶ. ಅದರ ಎಲ್ಲೆ ಇಷ್ಟೇ ಎಂದು ಯಾರೂ ಗೆರೆ ಎಳೆದಿಲ್ಲ, ಎಳೆಯಲೂಬಾರದು ಎಂಬುದು ಆ ಮಾತಿನ ಸಾರ. ಈ ರಿಟ್‌ನ ಮಿತಿಯನ್ನು ಬಳಕೆದಾರರು ನೆನಪಿಡಬೇಕು. ಸರ್ಶಿಯೊರರಿ ತಪ್ಪು ತೀರ್ಮಾನವನ್ನು ತೆಗೆಯುತ್ತದೆ, ಆ ಜಾಗದಲ್ಲಿ ಹೊಸ ತೀರ್ಮಾನವನ್ನು ತಾನೇ ಬರೆಯುವುದಿಲ್ಲ. ಕ್ರೈಪಾಕ್ ಗೆದ್ದವರಿಗೆ ಆ ತೀರ್ಪಿನಿಂದಲೇ ಅರಣ್ಯ ಸೇವೆಯ ಹುದ್ದೆ ಸಿಗಲಿಲ್ಲ. ಆಯ್ಕೆ ಬಿದ್ದುಹೋಯಿತು, ಅಷ್ಟೇ.

ಎಷ್ಟು ಬಿದ್ದುಹೋಯಿತು ಎಂಬುದಕ್ಕೆ ಬೇಕಾದ ಪದ ‘ವಿಶಿಯೇಟೆಡ್’, ದೋಷದಿಂದ ಕೆಟ್ಟದ್ದು. ಕೊನೆಯ ಶಿಫಾರಸು ಆಯೋಗದ್ದು, ಅದರಲ್ಲಿ ಆ ಅಧಿಕಾರಿ ಇರಲಿಲ್ಲ ಎಂದು ಸರ್ಕಾರ ವಾದಿಸಿತು. ಆಯೋಗದ ಶಿಫಾರಸಿಗೆ ತಳಹದಿ ಮಂಡಳಿಯ ಪಟ್ಟಿ, ತಳ ಕೆಟ್ಟರೆ ಮೇಲಿನದೂ ನಿಲ್ಲದು ಎಂದಿತು ಕೋರ್ಟು. ಹಾಗಾದರೆ ಆಯ್ಕೆಯಾಗದವರ ಅರ್ಹತೆಯನ್ನಷ್ಟೇ ಮತ್ತೆ ಪರಿಶೀಲಿಸೋಣ, ಉಳಿದವರನ್ನು ಬಿಡಿ ಎಂಬ ಸಲಹೆಯನ್ನೂ ಒಪ್ಪಲಿಲ್ಲ. ಇಡೀ ಆಯ್ಕೆ ರದ್ದಾಯಿತು, ಅರ್ಜಿದಾರರ ಖರ್ಚನ್ನು ಸರ್ಕಾರಗಳೇ ಕೊಡಬೇಕೆಂದಾಯಿತು.

 

ಈ ತೀರ್ಪು ಕೈಕೊಡುವ ಜಾಗಗಳು

ಎರಡು ಸಂದರ್ಭಗಳಲ್ಲಿ ಸಂಗತಿ ಗಟ್ಟಿಯಿದ್ದರೂ ಕ್ರೈಪಾಕ್ ಉಪಯೋಗಕ್ಕೆ ಬರುವುದಿಲ್ಲ. ಮೊದಲನೆಯದು ಲೋಕಸೇವಾ ಆಯೋಗ. 1985ರಲ್ಲಿ ಅಶೋಕ್ ಕುಮಾರ್ ಯಾದವ್ ಪ್ರಕರಣದಲ್ಲಿ ಹರಿಯಾಣ ಲೋಕಸೇವಾ ಆಯೋಗದ ಸದಸ್ಯರ ನೆಂಟರು ಅಭ್ಯರ್ಥಿಗಳಾಗಿದ್ದರು. ಸಾಮಾನ್ಯ ಆಯ್ಕೆ ಸಮಿತಿಯಾಗಿದ್ದರೆ ಅಂಥ ಸದಸ್ಯರು ಇಡೀ ಆಯ್ಕೆಯಿಂದಲೇ ಹೊರಗುಳಿಯಬೇಕು ಎಂದು ಕೋರ್ಟು ಒಪ್ಪಿತು. ಆದರೆ ಆಯೋಗ ಸಂವಿಧಾನವೇ ರಚಿಸಿದ ಸಂಸ್ಥೆ, ಅದರ ಸದಸ್ಯರ ಬದಲಿಗೆ ಬೇರೆಯವರನ್ನು ಕೂರಿಸಲಾಗದು. ಹಾಗಾಗಿ ಆ ನೆಂಟರ ಸಂದರ್ಶನ ಮತ್ತು ಅವರ ಅರ್ಹತೆಯ ಚರ್ಚೆಯಿಂದ ದೂರ ಉಳಿದರೆ ಸಾಕು ಎಂದಿತು. ಅನಿವಾರ್ಯತೆಯ ತತ್ವ ಎನ್ನುವುದು ಇದನ್ನೇ. ಆದ್ದರಿಂದ ಆಯ್ಕೆ ಮಾಡಿದ್ದು ಇಲಾಖೆಯ ಸಮಿತಿಯೋ ಆಯೋಗವೋ ಎಂಬುದನ್ನು ಮೊದಲು ಖಚಿತ ಮಾಡಿಕೊಳ್ಳಬೇಕು.

ಎರಡನೆಯದು ‘ವೇವರ್’, ಅಂದರೆ ಆಕ್ಷೇಪಿಸುವ ಹಕ್ಕನ್ನು ಕೈಬಿಡುವುದು. 1957ರ ಮಾಣಕ್ ಲಾಲ್ ಪ್ರಕರಣದಲ್ಲಿ ಒಬ್ಬ ವಕೀಲರ ವಿರುದ್ಧದ ದೂರನ್ನು ವಿಚಾರಿಸಿದ ಸಮಿತಿಯ ಅಧ್ಯಕ್ಷರು ಹಿಂದೆ ಅದೇ ದೂರುದಾರರ ಪರ ವಕಾಲತ್ತು ವಹಿಸಿದ್ದರು. ಆ ಸಮಿತಿಯ ರಚನೆ ತಪ್ಪು ಎಂದು ಸುಪ್ರೀಂ ಕೋರ್ಟು ಒಪ್ಪಿತು. ಆದರೂ ದೂರಿಗೆ ಒಳಗಾಗಿದ್ದ ಆ ವಕೀಲರಿಗೆ ಪರಿಹಾರ ಸಿಗಲಿಲ್ಲ. ವಿಷಯ ಗೊತ್ತಿದ್ದೂ ಅವರು ಸಮಿತಿಯ ಮುಂದೆ ಚಕಾರವೆತ್ತಿರಲಿಲ್ಲ. ವರದಿ ತಮಗೆ ವಿರುದ್ಧವಾಗಿ ಬಂದ ಮೇಲೆ ಆಕ್ಷೇಪ ತೆಗೆದಿದ್ದರು. ಸಮಿತಿಯಲ್ಲಿ ಯಾರಿದ್ದಾರೆ ಎಂದು ಸಂದರ್ಶನದ ಪತ್ರದಲ್ಲೋ ಕೊಠಡಿಯಲ್ಲೋ ತಿಳಿದವರು ಫಲಿತಾಂಶ ಬರುವ ಮುಂಚೆಯೇ ಬರವಣಿಗೆಯಲ್ಲಿ ಆಕ್ಷೇಪ ಕೊಟ್ಟು, ಸ್ವೀಕೃತಿಯ ಮೊಹರು ಹಾಕಿಸಿಕೊಂಡ ಪ್ರತಿಯನ್ನು ಇಟ್ಟುಕೊಳ್ಳಬೇಕು. ಸದಸ್ಯರ ಹೆಸರು ಪಟ್ಟಿ ಹೊರಬಿದ್ದ ಮೇಲಷ್ಟೇ ಗೊತ್ತಾದವರು, ಅದು ಗೊತ್ತಾದದ್ದು ಯಾವ ದಿನ, ಯಾವ ದಾಖಲೆಯಿಂದ ಎಂಬುದನ್ನು ಅಫಿಡವಿಟ್‌ನಲ್ಲಿ ಹೇಳಬೇಕು.